ಚಿನ್ನಪ್ಪನ ಕೈ ಹೋದ ಸ್ಲೈಡು

ತಿಮ್ಮರಾಯಪ್ಪ ಒತ್ತಲು ಹೋದದ್ದು ಸರಿಯಾದ ಉತ್ತರವನ್ನೇ. ಆದರೂ ಪರದೆಯ ಮೇಲೆ ಚಿನ್ನಪ್ಪನ ಕೈ ಹೋಗಿತ್ತು.

ಹೊಸೂರು ಬಳಿಯ ಮೂಕಂಡಪಲ್ಲಿಯ ಬಿಡಿಭಾಗದ ಕಾರ್ಖಾನೆಯೊಂದರ ಟ್ರೈನಿಂಗ್ ರೂಮು. ಮುಂದಿನ ಸಾಲಿನಲ್ಲಿ ಪರ್ಸೊನೆಲ್ ಆಫೀಸರ್ ಸುಬ್ಬರಾಮ ಅವರು, ಹಿಂದೆ ತಗಡು ಒತ್ತುವ ಪ್ರೆಸ್ ವಿಭಾಗದ ಜನ. ಪರದೆಯ ಮೇಲಿನ ಪ್ರಶ್ನೆ ಸರಳವಾಗಿತ್ತು: 'ಓಡುವ ಪ್ರೆಸ್ಸಿನಲ್ಲಿ ತಗಡು ಸಿಕ್ಕಿಕೊಂಡಿದೆ. ಏನು ಮಾಡುವೆ?' ಕೆಳಗೆ ಮೂರು ಬಟನ್. ಕೈ ಹಾಕಿ ಎಳೆಯುವೆ, ಸಲಾಕೆಯಿಂದ ಮೀಟುವೆ, ಮಿಷನ್ ಆಫ್ ಮಾಡಿ ಫಿಟ್ಟರನ್ನು ಕರೆಯುವೆ. ಒಂದೊಂದು ಬಟನ್ನಿಗೂ ಹೈಪರ್‌ಲಿಂಕ್ ಕಟ್ಟಿ, ಅದರದರ ಫಲ ತೋರಿಸುವ ಸ್ಲೈಡಿಗೆ ತಿಮ್ಮರಾಯಪ್ಪ ಜೋಡಿಸಿದ್ದ. ಆದರೆ ಆಫೀಸರ್ ಮುಖ ನೋಡುತ್ತಾ ಒತ್ತುವಾಗ ಮೌಸಿನ ಬಾಣ ಮೂರನೆಯ ಬಟನ್ನಿನಿಂದ ಒಂದು ಬೆರಳು ಆಚೆ ನಿಂತಿತು. ಖಾಲಿ ಜಾಗದಲ್ಲಿ ಒತ್ತಿದರೆ ಪವರ್‌ಪಾಯಿಂಟಿಗೆ ಗೊತ್ತಿರುವುದು ಒಂದೇ: ಸಾಲಿನಲ್ಲಿ ಮುಂದಿನ ಸ್ಲೈಡ್ ತೋರಿಸುವುದು. ಸಾಲಿನಲ್ಲಿ ಮುಂದೆ ಇದ್ದದ್ದು ಮೊದಲ ಬಟನ್ನಿನ ಫಲ. ಬ್ಯಾಂಡೇಜು ಸುತ್ತಿದ ಮೊಂಡುಗೈ, ಬಾಯಿ ಬಿಟ್ಟು ಅಳುವ ಚಿನ್ನಪ್ಪ.

"ಮಿಷನ್ ಆಫ್ ಮಾಡುದ್ರೂ ಕೈ ಓಯ್ತದಾ ಅಣ್ಣ?" ಹಿಂದಿನಿಂದ ಯಾರೋ ಕೇಳಿದರು.

ಸ್ಲೈಡಿನ ಫೋಟೋಗೆ ಪೋಸು ಕೊಟ್ಟಿದ್ದ ಅಸಲಿ ಚಿನ್ನಪ್ಪ ಎದ್ದು ನಿಂತು ಎರಡೂ ಕೈ ಮೇಲೆತ್ತಿದ. "ಐತೆ ಸಾರ್, ಎಲ್ಡೂ ಐತೆ!"

ರೂಮು ನಕ್ಕಿತು. ಸುಬ್ಬರಾಮ ನಗಲಿಲ್ಲ. "ತಿಮ್ಮರಾಯಪ್ಪನವರೇ, ಮುಂದಿನ ತಿಂಗಳು ನಮ್ಮ ಮಾಲು ತಗೊಳ್ಳೋ ಕಂಪನಿಯಿಂದ ಸೇಫ್ಟಿ ಆಡಿಟ್‌ಗೆ ಬರ್ತಾರೆ. ಅವರ ಮುಂದೆ ಹೀಗಾದ್ರೆ ನಾನೇನೂ ಮಾಡೋಕಾಗಲ್ಲ. ನೀವು ಸ್ಟೋರ್ಸಿಗೆ ಹೋಗ್ಬೇಕಾಗುತ್ತೆ."

ಸ್ಟೋರ್ಸ್ ಎಂದರೆ ತಗಡಿನ ಕಟ್ಟು ಎತ್ತುವುದು. ತಿಮ್ಮರಾಯಪ್ಪನ ಸೊಂಟ ಆ ಮಾತನ್ನು ಅವನಿಗಿಂತ ಮೊದಲೇ ಕೇಳಿಸಿಕೊಂಡಿತು.

ನಾಟ್ರಾಂಪಾಳ್ಯದ ಕಾಡಂಚಿನಲ್ಲಿ ಹುಟ್ಟಿದವನು, ಎಂಬತ್ತರ ದಶಕದ ಆರಂಭದಲ್ಲಿ ಹೊಸೂರಿಗೆ ಕಾರ್ಖಾನೆಗಳು ಬಂದಾಗ ಹೊಲ ತಮ್ಮನಿಗೆ ಬಿಟ್ಟು ಬಂದ. ಪ್ರೆಸ್ಸಿನ ಮುಂದೆ ನಿಂತು ಯೌವನ ಕಳೆದ. ಹತ್ತೂ ಬೆರಳು ಉಳಿಸಿಕೊಂಡಿದ್ದು ಅವನ ದೊಡ್ಡ ಸಾಧನೆ; ಸೊಂಟ ಮಾತ್ರ ಉಳಿಯಲಿಲ್ಲ. ಊರಿನ ನಾಟಕಗಳಿಗೆ ಮಾತು ಬರೆದುಕೊಡುತ್ತಿದ್ದ ಎಂಬ ಒಂದೇ ಅರ್ಹತೆಯ ಮೇಲೆ, ಎರಡು ಸಾವಿರದ ಮೂರರಲ್ಲಿ ಅವನಿಗೆ ಟ್ರೈನಿಂಗ್ ರೂಮು ಸಿಕ್ಕಿತು. ಒಂದು ಕುರ್ಚಿ, ಒಂದು ಫ್ಯಾನು, ಒಂದು ಕಂಪ್ಯೂಟರು. ಬಸ್‌ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಕ್ಲಾಸಿನಲ್ಲಿ, ತನ್ನ ಮಗಳ ವಯಸ್ಸಿನವರ ನಡುವೆ ಕೂತು ಪವರ್‌ಪಾಯಿಂಟ್ ಕಲಿತ. ಸ್ಲೈಡಿಗೆ ಸ್ಲೈಡು ಪೋಣಿಸುವುದು ಗೊತ್ತಾದ ದಿನ, ಕಾರ್ಖಾನೆಯೇ ತನ್ನ ನಾಟಕ ಕಂಪನಿ ಎಂದುಕೊಂಡ.

ಮೊದಲ ತಪ್ಪನ್ನು ತಿದ್ದುವುದು ಕಷ್ಟವಾಗಲಿಲ್ಲ. ಸ್ಲೈಡ್ ಟ್ರಾನ್ಸಿಷನ್‌ಗೆ ಹೋಗಿ, ಮೌಸ್ ಒತ್ತಿದರೆ ಮುಂದೆ ಹೋಗುವ ಏರ್ಪಾಡಿನ ಗುರುತು ತೆಗೆದು, ಎಲ್ಲ ಸ್ಲೈಡಿಗೂ ಅದನ್ನೇ ಅನ್ವಯಿಸಿದ. ಇನ್ನು ಬಟನ್ ಬಿಟ್ಟು ಬೇರೆಲ್ಲಿ ಒತ್ತಿದರೂ ಪರದೆ ಎಮ್ಮೆಯಂತೆ ನಿಂತಿರುತ್ತಿತ್ತು. ಕೀಬೋರ್ಡ್ ತಟ್ಟಿದರೆ ಆಗಲೂ ಸ್ಲೈಡು ಮುಂದೆ ಓಡುತ್ತಿತ್ತಾದ್ದರಿಂದ, ಅದನ್ನು ಬೀರುವಿನ ಮೇಲೆ ಏರಿಸಿಬಿಟ್ಟ.

ಮಾರನೆಯ ದಿನ ಒಬ್ಬೊಬ್ಬರನ್ನೇ ಕೂರಿಸಿದ. ಸುಬ್ಬರಾಮ ಹಿಂದೆ ನಿಂತು ನೋಡಿದರು. ಮೊದಲನೆಯವನು ಒತ್ತಿದ್ದು 'ಕೈ ಹಾಕಿ ಎಳೆಯುವೆ'. ಎರಡನೆಯವನೂ ಅದೇ. ಮೂರನೆಯವನು ಕೈ ಹೋದದ್ದನ್ನು ನೋಡಿ, 'ಮತ್ತೆ ಪ್ರಯತ್ನಿಸು' ಬಟನ್ ಒತ್ತಿ ಪ್ರಶ್ನೆಗೆ ವಾಪಸ್ ಬಂದು, ಸಲಾಕೆಯನ್ನು ಆರಿಸಿ, ಹಾರಿಬಂದ ಸಲಾಕೆ ಚಿನ್ನಪ್ಪನ ಹಣೆಗೆ ಬಡಿದದ್ದನ್ನೂ ನೋಡಿ, ತೃಪ್ತನಾಗಿ ಟೀ ಕುಡಿಯಲು ಹೋದ. ಇಡೀ ಶಿಫ್ಟಿನಲ್ಲಿ ಮಿಷನ್ ಆಫ್ ಮಾಡಿದ ಮಹಾನುಭಾವ ಒಬ್ಬನೂ ಇರಲಿಲ್ಲ.

"ಇವರಿಗೆ ಮಿಷನ್ ಕೊಟ್ಟಿದ್ದೇವಲ್ರೀ!" ಎಂದು ಸುಬ್ಬರಾಮ ಹಣೆ ಒರೆಸಿಕೊಂಡು ಹೊರಟರು.

ತಿಮ್ಮರಾಯಪ್ಪ ಚಿನ್ನಪ್ಪನನ್ನು ಹಿಡಿದು ನಿಲ್ಲಿಸಿದ. "ಯಾಕ್ಲಾ, ಸರಿ ಯಾವುದೂಂತ ನಿಂಗೊತ್ತಿಲ್ವೇನ್ಲಾ?"

"ಗೊತ್ತಣ್ಣ. ಸರೀದು ಒತ್ತುದ್ರೆ ಏನ್ ಬತ್ತದೆ? ಒಂದು ಶಹಬ್ಬಾಸು. ತಪ್ಪು ಒತ್ತುದ್ರೆ ಪಿಚ್ಚರ್ರು! ರಕ್ತ, ಅಳು, ನಮ್ಮತ್ತೆ ಎದೆ ಬಡ್ಕೊಳೋದು... ಯಾವನಣ್ಣ ಬುಟ್ಟಾನು?"

ಊರಿನ ನಾಟಕದಲ್ಲಿ ರಾಕ್ಷಸನ ಪಾತ್ರ ತನಗೇ ಬೇಕೆಂದು ಹೊಡೆದಾಟ, ಧರ್ಮರಾಯನಾಗು ಎಂದು ಕಾಲು ಹಿಡಿಯಬೇಕು. ಇಷ್ಟು ವರ್ಷ ನಾಟಕ ಬರೆದವನಿಗೆ ಇದು ಹೊಳೆಯಬಾರದಿತ್ತೇ ಎಂದು ತಿಮ್ಮರಾಯಪ್ಪ ತನ್ನನ್ನು ತಾನೇ ಬೈದುಕೊಂಡ. ಬೈದುಕೊಂಡರೂ ಪರಿಹಾರ ಹೊಳೆಯಲಿಲ್ಲ. ರಕ್ತವನ್ನು ಇನ್ನಷ್ಟು ಸುರಿದರೆ ಇನ್ನಷ್ಟು ಜನ ನೋಡುತ್ತಾರೆ, ಅಷ್ಟೇ.

ಆ ವಾರ, ಮೆಟ್ಟಿಲು ಜಾರಿ ಬಿದ್ದ ಹೆಂಡತಿ ಪಿಳ್ಳಮ್ಮನ ಮಂಡಿನೋವಿಗೆಂದು ರಜೆ ಹಾಕಿ ಆಸ್ಪತ್ರೆಗೆ ಹೋದ. ಯಾವ ಆಸ್ಪತ್ರೆ ಎಂದು ಕೇಳಬಾರದು. ಎಲ್ಲ ಆಸ್ಪತ್ರೆಯೂ ಅದೇ. ಚೀಟಿ ಬರೆಯುವವರು ಊಟಕ್ಕೆ ಹೋಗಿದ್ದರು. ಬಂದ ಮೇಲೆ, "ಈ ಕೌಂಟರ್ ಅಲ್ಲ, ಪಕ್ಕದ್ದು" ಎಂದರು. ಪಕ್ಕದವರು, "ಇಲ್ಲಲ್ಲ, ಅಲ್ಲಿ" ಎಂದು ಮತ್ತೆ ಇಲ್ಲಿಗೇ ಕಳಿಸಿದರು.

ಪಿಳ್ಳಮ್ಮ ನೆಲದ ಮೇಲೆ ಕೂತುಬಿಟ್ಟಳು. "ಇದ್ಕಿಂತ ಮಂಡಿನೋವೇ ವಾಸಿ. ನಡೀರಿ, ಮನೆಗೋಗಾನ. ಇನ್ಮೇಲೆ ನಾನು ಮೆಟ್ಲು ನೋಡ್ಕೊಂಡೇ ಇಳೀತೀನಿ."

ತಿಮ್ಮರಾಯಪ್ಪ ಅವಳ ಮುಖವನ್ನೇ ನೋಡಿದ. ಇಷ್ಟು ವರ್ಷ ಅವನು ಹೇಳಿದರೂ ನೋಡದ ಮೆಟ್ಟಿಲು ಅದು.

ಕೆಲಸಕ್ಕೆ ಮರಳಿ ಕಂಪ್ಯೂಟರಿನ ಮುಂದೆ ಕೂತವನು ರಕ್ತವನ್ನೆಲ್ಲ ಅಳಿಸಿಹಾಕಿದ. ತಪ್ಪು ಬಟನ್ ಎರಡನ್ನೂ ಒಂದೇ ಸ್ಲೈಡಿಗೆ ಜೋಡಿಸಿದ: ಆಸ್ಪತ್ರೆಯ ಕ್ಯೂ. 'ಚೀಟಿ ಬರೆಯುವವರು ಊಟಕ್ಕೆ ಹೋಗಿದ್ದಾರೆ. ಕಾಯಿರಿ.' ಕೆಳಗೆ ಒಂದೇ ಬಟನ್. ಒತ್ತಿದರೆ ಒಂದನೇ ಕೌಂಟರ್. ಅಲ್ಲಿನ ಬಟನ್ ಎರಡನೇ ಕೌಂಟರಿಗೆ. ಎರಡನೆಯದರ ಬಟನ್ ವಾಪಸ್ ಒಂದನೆಯದಕ್ಕೆ. 'ಮತ್ತೆ ಪ್ರಯತ್ನಿಸು' ಕಿತ್ತುಹಾಕಿದ. ಸಿಕ್ಕಿಕೊಂಡವನನ್ನು ಬಿಡಿಸಬೇಕಾದರೆ ತಾನೇ ಬೀರುವಿನಿಂದ ಕೀಬೋರ್ಡ್ ಇಳಿಸಿ ಷೋ ನಿಲ್ಲಿಸಬೇಕು. ಸರಿಯಾದ ಬಟನ್ ಒತ್ತಿದರೆ ಮಾತ್ರ ಚಿನ್ನಪ್ಪ ಸಂಜೆ ಮನೆಗೆ ಹೋಗಿ, ಸ್ವಂತ ಕೈಯಿಂದ ಮುದ್ದೆ ಮುರಿದು ಕೋಳಿಸಾರಿಗೆ ಅದ್ದುತ್ತಿದ್ದ. ಅತ್ತೆಯ ವೇಷದಲ್ಲಿ ಪಿಳ್ಳಮ್ಮ ಬಡಿಸುತ್ತಿದ್ದಳು.

"ನನ್ನ ಅಳೋ ಸೀನು ತೆಗೆದ್ಬುಟ್ಯಾ ಅಣ್ಣ?" ಚಿನ್ನಪ್ಪನ ಮುಖ ಬಾಡಿತು.

"ಕೋಳಿ ತಿಂದಿದ್ದು ಮರೆತ್ಬುಟ್ಯೇನ್ಲಾ?"

ಮೊದಲ ದಿನ ಮೂವರು ಅಭ್ಯಾಸಬಲದಿಂದ ತಪ್ಪು ಒತ್ತಿ, ಟೀ ಹೊತ್ತು ಕಳೆದರೂ ಕೌಂಟರುಗಳ ನಡುವೆ ಓಡಾಡುತ್ತಿದ್ದರು. ಸುದ್ದಿ ಕ್ಯಾಂಟೀನಿಗೆ ಮುಟ್ಟಿತು. ಅಲ್ಲಿಂದಾಚೆಗೆ ಯಾರೂ ಕೈ ಹಾಕಲಿಲ್ಲ.

ಆಡಿಟ್‌ಗೆ ಬಂದದ್ದು ಕನ್ನಡಕದ, ಖಡಕ್ಕಾದ ಹೆಂಗಸು. ಅವರ ಎದುರಿಗೇ ಒಬ್ಬೊಬ್ಬರೂ ಬಂದು ಮಿಷನ್ ಆಫ್ ಮಾಡಿ, ಚಿನ್ನಪ್ಪನ ಊಟ ನೋಡಿ ಬಾಯಿ ಚಪ್ಪರಿಸಿ ಹೋದರು. ಆಮೇಲೆ ಪ್ರೆಸ್ ವಿಭಾಗಕ್ಕೆ ಹೋದರೆ, ನಿಜವಾದ ಪ್ರೆಸ್ಸೊಂದರಲ್ಲಿ ತಗಡು ಸಿಕ್ಕಿಕೊಂಡಿತ್ತು. ಆಪರೇಟರು ಸ್ವಿಚ್ ಆಫ್ ಮಾಡಿ, ಕೈಕಟ್ಟಿಕೊಂಡು ಫಿಟ್ಟರನ್ನು ಕಾಯುತ್ತಿದ್ದ. ಆಕೆ ಟ್ರೈನಿಂಗ್ ರೂಮಿಗೆ ಮರಳಿ 'ತರಬೇತಿ ತೃಪ್ತಿಕರ' ಎಂದು ಬರೆದು ಸಹಿ ಹಾಕಿದರು. ಸುಬ್ಬರಾಮ ಉಸಿರು ಬಿಟ್ಟರು. ತಿಮ್ಮರಾಯಪ್ಪನ ಸೊಂಟವೂ ಉಸಿರು ಬಿಟ್ಟಿತು.

ಹೊರಡುವ ಮುಂಚೆ ಆಕೆಗೆ ಒಂದು ಕುತೂಹಲ. "ತಪ್ಪು ಒತ್ತಿದ್ರೆ ಏನಾಗುತ್ತೆ, ನೋಡೋಣ" ಎಂದು ಕೂತು 'ಕೈ ಹಾಕಿ ಎಳೆಯುವೆ' ಒತ್ತಿದರು. ಚೀಟಿಯವರು ಊಟಕ್ಕೆ ಹೋಗಿದ್ದರು. ಒಂದನೇ ಕೌಂಟರ್. ಎರಡನೇ ಕೌಂಟರ್. ಒಂದನೇ ಕೌಂಟರ್. ಆಕೆ ಮೂಲೆಯಲ್ಲಿ ಒತ್ತಿದರು, ನಡುವೆ ಒತ್ತಿದರು, ಪರದೆ ಅಲ್ಲಾಡಲಿಲ್ಲ. ಕೀಬೋರ್ಡಿಗೆ ಕೈ ಚಾಚಿದರು, ಮೇಜು ಖಾಲಿ. ಹೊರಗೆ ಅವರ ಕಾರು ಹಾರ್ನ್ ಹೊಡೆಯುತ್ತಿತ್ತು.

"ಏನ್ರೀ ಇದು, ಇದರಿಂದ ಹೊರಗೆ ಬರೋ ದಾರಿ ಯಾವುದು?"

ತಿಮ್ಮರಾಯಪ್ಪ ಕೈಕಟ್ಟಿ ನಿಂತಿದ್ದ.

"ಮೊದಲ್ನೇ ಪ್ರಶ್ನೇಲೇ ಮಿಷನ್ ಆಫ್ ಮಾಡ್ಬೇಕಾಗಿತ್ತು, ಮೇಡಂ."