ನಾಲ್ಕು ಮುಚ್ಚಳ

ನಮ್ಮ ಕಿರಿನ್ಯಾಗದ ಕಡೆ ಟೊಮೇಟೊಗೆ ಔಷಧಿ ಹೊಡೆಯಬೇಕೆಂದರೆ ಮಿಚೆರೆಯನ್ನೇ ಕರೆಯುತ್ತಾರೆ. ಇಪ್ಪತ್ತು ಲೀಟರಿನ ಟ್ಯಾಂಕನ್ನು ಬೆನ್ನಿಗೇರಿಸಿ ಸಾಲು ಹಿಡಿದರೆ ಗಂಡಸರೂ ಅವಳಿಗಿಂತ ಹಿಂದುಳಿಯುತ್ತಾರೆ. ನಾಲ್ಕು ವರ್ಷದಿಂದ ಅವಳಿಗೆ ನೀರು ಹೊತ್ತುಕೊಡುವವಳು ನಾನು. ಅವಳ ಬೈಗುಳವೂ ನನಗೆ ಒಗ್ಗಿಹೋಗಿದೆ.

ಆ ಮಳೆಗಾಲದಲ್ಲಿ ಅವಳು ಔಷಧಿ ಹೊಡೆದ ಐದು ತೋಟಗಳಲ್ಲಿ ಅಂಗಮಾರಿ ರೋಗ ನಿಲ್ಲಲೇ ಇಲ್ಲ. ಒಂದು ವಾರ ಕಳೆದು, ಆ ಐದು ತೋಟದವರಲ್ಲಿ ಒಬ್ಬನಾದ ಕರೀಥಿ ನಮ್ಮನ್ನು ಮತ್ತೆ ಕರೆಸಿದ. ಎಲೆಗಳ ಮೇಲೆಲ್ಲ ಕಪ್ಪು ಮಚ್ಚೆ.

"ಅಂಗಡಿಯವ ಔಷಧಿಗೆ ನೀರು ಬೆರೆಸಿದಾನೆ. ಈ ಸಲ ಹನ್ನೆರಡು ಮುಚ್ಚಳ ಹಾಕು, ಸತ್ತು ಹೋಗ್ಲಿ ಆ ರೋಗ!" ಎಂದ ಕರೀಥಿ.

"ರೋಗದ ಜೊತೆ ಗಿಡಾನೂ ಸುಟ್ಟುಹೋಗ್ಲಾ ಅಣ್ಣ? ಸ್ವಲ್ಪ ತಾಳು," ಎಂದಳು ಮಿಚೆರೆ.

ಬಾಟಲಿಯ ಮೇಲಿನ ಚೀಟಿ ಓದಿದಳು. ಲೀಟರಿಗೆ ಎರಡು ಮಿಲಿ. ಟ್ಯಾಂಕು ಇಪ್ಪತ್ತು ಲೀಟರು, ಅಂದರೆ ನಲವತ್ತು ಮಿಲಿ. ಅವಳ ಲೆಕ್ಕ ಯಾವತ್ತೂ ಅದೇ, ಮುಚ್ಚಳಕ್ಕೆ ಹತ್ತು ಮಿಲಿಯಂತೆ ನಾಲ್ಕು ಮುಚ್ಚಳ. ಇಲ್ಲಿ ಎಲ್ಲರೂ ಮುಚ್ಚಳದಲ್ಲೇ ಅಳೆಯುವುದು. ಆದರೂ ಅವಳು ಕರೀಥಿಯ ಕೋಳಿಮನೆಯಿಂದ ಲಸಿಕೆ ಹಾಕುವ ಒಂದು ಹೊಸ ಸಿರಿಂಜು ತರಿಸಿ, ಮುಚ್ಚಳಕ್ಕೆ ನೀರು ತುಂಬಿಸಿ, ಎಳೆದು ನೋಡಿದಳು.

ಐದೇ ಮಿಲಿ.

ಈ ಸಲ ಎಲ್ಲರೂ ಕೊಂಡಿದ್ದು ಸಣ್ಣ ಬಾಟಲಿ. ಅದರ ಮುಚ್ಚಳವೂ ಸಣ್ಣದು. ನಾಲ್ಕು ಮುಚ್ಚಳಕ್ಕೆ ಬಿದ್ದದ್ದು ಇಪ್ಪತ್ತು ಮಿಲಿ, ಬೇಕಾದ್ದರಲ್ಲಿ ಅರ್ಧ.

"ಅಕ್ಕಾ, ಸುಮ್ನಿರು," ಎಂದು ನಾನು ಅವಳ ತೋಳು ಹಿಡಿದೆ. "ಎಲ್ರೂ ಅಂಗಡಿಯವನ್ನೇ ಬೈತಿದಾರೆ. ನೀನು ಬಾಯಿಬಿಟ್ರೆ ನಾಳೆಯಿಂದ ಯಾರು ಕರೀತಾರೆ?"

"ಕೈ ಬಿಡು," ಎಂದಳು. ಕರೀಥಿಯ ಕಡೆ ತಿರುಗಿದಳು. "ಅಂಗಡಿಯವನದೇನೂ ತಪ್ಪಿಲ್ಲ ಅಣ್ಣ. ಅರ್ಧ ಔಷಧಿ ಹೊಡೆದವಳು ನಾನೇ. ಇವತ್ತು ಸರಿಯಾಗಿ ಹೊಡೀತೀನಿ, ಕೂಲಿ ಬೇಡ."

ಕರೀಥಿ ಸಿಕ್ಕಾಪಟ್ಟೆ ಕೂಗಾಡಿದ. ಅವಳು ಕೈಗವಸು ಹಾಕಿಕೊಂಡು, ಟ್ಯಾಂಕಿಗೆ ಅರ್ಧ ನೀರು ತುಂಬಿಸಿ, ಸಿರಿಂಜಿನಲ್ಲಿ ಅಳೆದು ನಲವತ್ತು ಮಿಲಿ ಹಾಕಿ ಕಲಕಿದಳು. ಆಮೇಲೆ ಇಪ್ಪತ್ತರ ಗೆರೆಯವರೆಗೆ ನೀರು. ಪ್ರತಿ ಟ್ಯಾಂಕಿಗೂ ಹಾಗೇ. ಅವಳ ಮೇಲೆ ನನಗೆ ಸಿಟ್ಟು ಬಂದಿತ್ತು, ಆದರೂ ನೀರು ಹೊತ್ತೆ.

ಅಲ್ಲಿಂದ ನೇರ, ಆ ಐವರಲ್ಲೇ ಇನ್ನೊಬ್ಬಳಾದ ವಾಂಗೆಚಿ ಅಜ್ಜಿಯ ಮನೆಗೆ ಹೋದೆವು. ಅಜ್ಜಿಯ ತೋಟ ಉಳಿಯುವ ಹಾಗಿರಲಿಲ್ಲ, ಕಾಂಡದವರೆಗೂ ಕಪ್ಪಾಗಿತ್ತು.

"ಹಾಳು ಮಳೆ ಕಣಮ್ಮ. ಏನ್ಮಾಡೋದು, ನಿನ್ ಕೈಲಾದ್ದು ನೀನು ಮಾಡ್ದೆ," ಎಂದು ಅಜ್ಜಿಯೇ ಅವಳಿಗೆ ಸಮಾಧಾನ ಹೇಳಿ ಚಹಾ ಕೊಟ್ಟಳು.

ಮಿಚೆರೆ ಲೋಟ ಮುಟ್ಟಲಿಲ್ಲ. "ಮಳೆಯಲ್ಲ ಅಜ್ಜಿ, ನಾನು. ಮುಚ್ಚಳ ಅಳೀದೆ ಹಾಕ್ದೆ."

ಅಜ್ಜಿ ಲೋಟವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಿಚೆರೆಯ ಕಣ್ಣು ತುಂಬಿತ್ತು. ಒರೆಸಿಕೊಳ್ಳದೆಯೇ ಟ್ಯಾಂಕನ್ನು ಬೆನ್ನಿಗೇರಿಸಿದಳು.

"ಇನ್ನೂ ಮೂರು ಮನೆ ಇದೆ," ಎಂದಳು. "ನಡಿ."