ಕಾಲ್ ಶೀಟಿನಲ್ಲಿ ಬಿಟ್ಟುಹೋದ ಹೆಸರು

ತಾನು ಮಹಾ ಶಿಸ್ತಿನ ಮನುಷ್ಯ ಎಂದು ತಿಮ್ಮೇಶ್ ನಂಬಿದ್ದ. ಹಾಗೆ ನಂಬಿದ್ದವನು ಊರಿಗೆಲ್ಲ ಅವನೊಬ್ಬನೇ. ಅರಸೀಕೆರೆಯ ಕಾಲೇಜಿನಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷ ಓದುತ್ತಿದ್ದ ಅವನು, ಹಿಂದಿನ ಕಿರುಚಿತ್ರದ ದಿನ ಕ್ಯಾಮೆರಾ ಬ್ಯಾಟರಿಗಳನ್ನು ಹಾಸ್ಟೆಲಿನಲ್ಲೇ ಚಾರ್ಜಿಗೆ ಹಾಕಿ ಬಂದ ಪುಣ್ಯಾತ್ಮ. ಆದರೂ ನಿರ್ದೇಶಕಿ ಅಪೂರ್ವ ಈ ಸಲ ಶೂಟಿಂಗಿನ ಉಸ್ತುವಾರಿಯನ್ನು ಅವನಿಗೇ ಕೊಟ್ಟಳು.

"ಇದೇ ಕೊನೇ ಚಾನ್ಸ್ ಕಣೋ. ಕ್ಯಾಮೆರಾ ಸಿಗೋದು ಒಂದೇ ದಿನ. ಈ ಸಲನೂ ಕೆಡಿಸಿದ್ರೆ ಟೀ ತರೋಕೂ ನಿನ್ನ ಕರೆಯಲ್ಲ."

ಜಾಗ ಹುಡುಕಲು ಮೊದಲು ಹುಲಿಕೆರೆಯ ಕಲ್ಯಾಣಿಗೆ ಹೋದ. ಅಲ್ಲಿ ಶೂಟಿಂಗಿಗೆ ಅರ್ಜಿ ಕೊಟ್ಟು ಅಪ್ಪಣೆ ಪಡೆಯಬೇಕೆಂದು ತಿಳಿಯಿತು. ಅದು ಕೈಗೆ ಬರುವಷ್ಟರಲ್ಲಿ ತನ್ನ ಪದವಿಯೇ ಮುಗಿದಿರುತ್ತದೆ ಎಂದು ಲೆಕ್ಕ ಹಾಕಿ ವಾಪಸ್ಸು ಬಂದ. ಕೊನೆಗೆ ಹೊಳೆದದ್ದು ಕಣಕಟ್ಟೆಯ ತಮ್ಮದೇ ತೆಂಗಿನ ತೋಟದ ಮನೆ. ಅಪ್ಪ ಜವರಣ್ಣನಿಗೆ ಫೋನ್ ಮಾಡಿದರೆ, "ಆಯ್ತು ಬಿಡ್ಲಾ, ಮಾಡ್ಕಳಿ" ಎಂದು ಇಟ್ಟುಬಿಟ್ಟರು.

ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಜಾಗ ಪರೀಕ್ಷಿಸಿದ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಪ್ಲಗ್ ಎಲ್ಲಿದೆ, ಶೌಚಾಲಯ ಎಷ್ಟು ದೂರ, ವ್ಯಾನು ಎಲ್ಲಿ ನಿಲ್ಲಬೇಕು, ಎಲ್ಲ ಬರೆದುಕೊಂಡ. ಜಗಲಿಯ ಮೇಲೆ ಕಣ್ಣು ಮುಚ್ಚಿ ಎರಡು ನಿಮಿಷ ಕೂತು ಕೇಳಿಸಿಕೊಂಡ. ಗರಿಯ ಸದ್ದೂ ಇಲ್ಲ. 'ಶಬ್ದ: ಇಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ.

ಶೂಟಿಂಗ್ ದಿನದ ವೇಳಾಪಟ್ಟಿಯಾದ ಕಾಲ್ ಶೀಟು ಒಂದೇ ಪುಟ. ಮುಂದಿನ ವಾರದ ಬುಧವಾರ, ಯಾರು ಎಷ್ಟು ಹೊತ್ತಿಗೆ ಬರಬೇಕು, ಯಾವ ದೃಶ್ಯ ಯಾವಾಗ, ಊಟದ ಸಮಯ, ಸೂರ್ಯಾಸ್ತ, ಹತ್ತಿರದ ಆಸ್ಪತ್ರೆ. ಸ್ಥಳದ ಸಂಪರ್ಕ ಎಂಬಲ್ಲಿ ತನ್ನದೇ ನಂಬರ್ ಹಾಕಿಕೊಂಡ. ದೊಡ್ಡ ಮನುಷ್ಯನಲ್ಲವೇ! ತಂಡದ ಎಂಟು ಜನಕ್ಕೂ ಹಿಂದಿನ ದಿನವೇ ವಾಟ್ಸಾಪಿನಲ್ಲಿ ಕಳಿಸಿದ.

ಬುಧವಾರ ಬೆಳಗ್ಗೆ ಎಲ್ಲ ಸಮಯಕ್ಕೆ ಸರಿಯಾಗಿ ಬಂದರು. ಅಪೂರ್ವ ಅವನ ಬೆನ್ನು ತಟ್ಟಿದಳು. ಮುಖ್ಯ ಪಾತ್ರಕ್ಕೆ ಬೇಲೂರಿನಿಂದ ಬಂದಿದ್ದ ನಿವೃತ್ತ ಮೇಷ್ಟ್ರಮ್ಮ ಆಂಡಾಳ್ ಅವರನ್ನು ಜಗಲಿಯ ಮೇಲೆ ಕೂರಿಸಿದರು. ಹಳೆಯ ಶಿಷ್ಯನ ಜೊತೆ ಮೆಲುದನಿಯಲ್ಲಿ ಆಡುವ ಮಾತೇ ಚಿತ್ರದ ಜೀವಾಳ. ಒಂಬತ್ತು ಗಂಟೆ. "ಆಕ್ಷನ್" ಎಂದದ್ದೇ ತಡ, ಮನೆ ಪಕ್ಕದ ತೊಟ್ಟಿಗೆ ಬೋರಿನ ನೀರು ಧೋ ಎಂದು ಸುರಿಯತೊಡಗಿತು. ಬೇಲಿಯಾಚೆ ಪಕ್ಕದ ತೋಟದ ಹುಚ್ಚಣ್ಣನ ತೊಟ್ಟಿಗೂ ಸುರಿಯಿತು.

ಬೋರಿನ ಮೋಟರು ಓಡಿಸುವ ತ್ರೀ ಫೇಸ್ ಕರೆಂಟು! ಹೋದ ವಾರ ರಾತ್ರಿ ಪಾಳಿ, ಈ ವಾರ ಹಗಲು ಪಾಳಿ. ವಾರ ವಾರಕ್ಕೂ ಪಾಳಿ ಬದಲಾಗುವುದು ಆ ಸೀಮೆಯ ಎಳೆಮಗುವಿಗೂ ಗೊತ್ತು. ಕರೆಂಟು ಬಂದರೆ ಆಟೋ ಸ್ಟಾರ್ಟರ್ ತಾನೇ ಮೋಟರು ಹಾಕುತ್ತದೆ. ಚಡ್ಡಿ ಹಾಕುತ್ತಿದ್ದ ಕಾಲದಿಂದ ಅದೇ ತೋಟದಲ್ಲಿ ನೀರು ತಿರುವಿದ ತಿಮ್ಮೇಶನಿಗೆ ಮಾತ್ರ, ಕೈಯಲ್ಲಿ ರಟ್ಟು ಪೆನ್ನು ಹಿಡಿದ ಮೇಲೆ ಮರೆತುಹೋಗಿತ್ತು.

"ಶಬ್ದ ಇಲ್ಲ ಅಂತ ಗೆರೆ ಬೇರೆ ಎಳ್ದಿದೀಯಲ್ಲೋ!" ಅಪೂರ್ವಳ ಕಣ್ಣಲ್ಲಿ ನೀರೇ ಬಂತು. ತಿಮ್ಮೇಶನಿಗೆ ಆ ತೊಟ್ಟಿಯಲ್ಲೇ ಮುಳುಗಿಬಿಡೋಣ ಅನ್ನಿಸಿತು.

ಗಲಾಟೆ ಕೇಳಿ ತೋಟದೊಳಗಿನಿಂದ ಬಂದ ಜವರಣ್ಣ ಒಂದು ಮಾತೂ ಕೇಳದೆ ತಮ್ಮ ಮೋಟರು ಆರಿಸಿದರು. ಅವತ್ತಿನ ನೀರು ಅಲ್ಲಿಗೆ ಖೋತಾ. ಆದರೆ ಹುಚ್ಚಣ್ಣ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿ ನೆಂಟರ ಮನೆಗೆ ಹೋಗಿದ್ದ.

"ನಾಲ್ಕಕ್ಕೆ ಕರೆಂಟ್ ಹೋಯ್ತದೆ. ಆಮೇಲೆ ಮಾತಾಡ್ಸಿ," ಎಂದರು ಜವರಣ್ಣ.

ತಿಮ್ಮೇಶ್ ಕಾಲ್ ಶೀಟಿನ ಹಿಂಬದಿಯಲ್ಲಿ ದಿನವನ್ನೆಲ್ಲ ತಿರುವಿ ಬರೆದ. ಮಾತಿಲ್ಲದ ದೃಶ್ಯಗಳೆಲ್ಲ ಮೊದಲು, ಮಾತು ನಾಲ್ಕರ ಮೇಲೆ. ಆದರೆ ಆಂಡಾಳ್ ಮೇಡಂ ಮೂರಕ್ಕೇ ಹೊರಡಬೇಕಿತ್ತು. ಐದರ ತನಕ ಇರುತ್ತೀರಾ ಎಂದು ಹೋಗಿ ಕೇಳಿದ.

"ಮೂವತ್ತು ವರ್ಷ ತಪ್ಪು ತಿದ್ದಿದೀನಪ್ಪ. ಇನ್ನೂ ಎರಡು ಗಂಟೆ ತಿದ್ತೀನಿ, ಕೂತ್ಕೋ," ಎಂದರು ಅವರು.

ನಾಲ್ಕಕ್ಕೆ ನೀರು ನಿಂತಿತು. ಇಳಿಬಿಸಿಲಲ್ಲಿ ಮೇಡಂ ಮೆಲ್ಲಗೆ ಮಾತಾಡಿದರು. ಮೂರನೇ ಟೇಕ್ ಓಕೆ. ಅಪೂರ್ವ ಕುಣಿದಾಡಿದಳು.

ಸಾಮಾನು ಕಟ್ಟುವಾಗ ಜವರಣ್ಣ ಆ ಹಾಳೆ ಇಸಕೊಂಡು, ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಓದಿದರು.

"ಒಂಬತ್ತಕ್ಕೆ ಮಾತು ಅಂತ ಬರ್ದಿದೀಯ. ನಂಗೂ ಒಂದು ಕಳ್ಸಿದ್ರೆ ನೆನ್ನೇನೇ ಹೇಳ್ತಿದ್ನಲ್ಲೋ ಮಗ."

ಎಂಟು ಜನಕ್ಕೆ ಕಳಿಸಿದವನು ತೋಟದ ಯಜಮಾನನಿಗೆ ಕಳಿಸಿರಲಿಲ್ಲ. ಅಪ್ಪನಿಗೆ ಇದೆಲ್ಲ ಏನು ಗೊತ್ತಾಗುತ್ತದೆ ಎಂದುಕೊಂಡಿದ್ದ. ಹಾಳೆ ವಾಪಸ್ಸು ತೆಗೆದುಕೊಂಡು, ಸ್ಥಳದ ಸಂಪರ್ಕ ಎಂಬಲ್ಲಿ ತನ್ನ ನಂಬರ್ ಹೊಡೆದುಹಾಕಿ 'ಜವರಣ್ಣ' ಎಂದು ಬರೆದು, ಅವರ ನಂಬರ್ ಹಾಕಲು ಹೊರಟ. ಬಾಯಿಪಾಠ ಇರಲಿಲ್ಲ.

"ಬರ್ಕೋ," ಎಂದು ಜವರಣ್ಣ ಒಂದೊಂದೇ ಅಂಕಿ ಹೇಳತೊಡಗಿದರು.