ಕಲಿಪಾಳ ರಟ್ಟಿನ ಸೇತುವೆಗಳು

ಆ ಕಣಿವೆಯ ಶಾಲೆಯಲ್ಲಿ ಕೈಕೆಲಸದ ಪಾಠ ಹೇಳುತ್ತಿದ್ದವಳು ಕಲಿಪಾ, ಮಕ್ಕಳ ಬಾಯಲ್ಲಿ ಎಜೆ, ಅಂದರೆ ಅಕ್ಕ. ಇಪ್ಪತ್ತೊಂಬತ್ತು ವರ್ಷ ಹೇಳಿದಳು. ಅವಳ ಕೈಯಲ್ಲಿ ಸೂಜಿ ಹಿಡಿಯಲು ಕಲಿತ ಹುಡುಗಿಯರು ಅಜ್ಜಿಯರಾಗುವ ಹೊತ್ತು ಬಂದಿತ್ತು. ಆದರೂ ಊರಿನಲ್ಲಿ ಅವಳ ಹೆಸರು ಬಂದರೆ ಯಾರಿಗೂ ಸೂಜಿ ನೆನಪಾಗುತ್ತಿರಲಿಲ್ಲ, ಕಾಗದದ ಸೇತುವೆ ನೆನಪಾಗುತ್ತಿತ್ತು.

ಪ್ರತಿ ಚಳಿಗಾಲದ ಕೊನೆಗೆ, ಹನ್ನೆರಡು ವರ್ಷದ ಮಕ್ಕಳ ತರಗತಿಗೆ ಅವಳು ಅದನ್ನು ಮಾಡಿಸುತ್ತಿದ್ದಳು. ತಲೆಗೊಂದು ದಪ್ಪ ಚಿತ್ರದ ಹಾಳೆ, ಬಿಸ್ಕತ್ತಿನ ಪೆಟ್ಟಿಗೆಯಿಂದ ಕತ್ತರಿಸಿದ ಒಂದು ಪಟ್ಟಿ ರಟ್ಟು, ಮೈದಾ ಅಂಟು. ಮೇಜಿನ ಮೇಲೆ ಪುಸ್ತಕದ ಎರಡು ಗುಡ್ಡೆ, ನಡುವೆ ಒಂದು ಗೇಣಿನ ಮೇಲೆ ನಾಲ್ಕು ಬೆರಳು ಸಂದು. ಆ ಸಂದಿನ ಮೇಲೆ ಸೇತುವೆ, ಅದರ ನಟ್ಟನಡುವೆ ತಗಡಿನ ಬಟ್ಟಲು. ಬಟ್ಟಲಿಗೆ ಒಂದೊಂದಾಗಿ ಕುರಿಯ ಕೀಲುಮೂಳೆ ಹಾಕುವುದು. ಆಟ ಆಡುವ ಮೂಳೆ ಎಲ್ಲ ಮನೆಯಲ್ಲೂ ಚೀಲಗಟ್ಟಲೆ ಇರುತ್ತವೆ, ತೂಕವೂ ಹೆಚ್ಚುಕಮ್ಮಿ ಒಂದೇ. ಸೇತುವೆ ಬೀಳುವವರೆಗೆ ಹಾಕಬೇಕು. ಬಿದ್ದ ಮೇಲೆ ಅಳುವಂತಿಲ್ಲ. ಮೊದಲು ಯಾವುದು ಹೋಯಿತು ಎಂದು ನೋಡಿ ಬರೆದುಕೊಳ್ಳಬೇಕು, ಅದೊಂದನ್ನೇ ಸರಿಮಾಡಿ ಮತ್ತೆ ಕಟ್ಟಬೇಕು. ಎರಡು ಕಡೆ ಒಟ್ಟಿಗೆ ಕೈಹಾಕಿದರೆ ಯಾವುದರಿಂದ ಗಟ್ಟಿಯಾಯಿತೆಂದು ತಿಳಿಯುವುದಿಲ್ಲ ಎನ್ನುತ್ತಿದ್ದಳು.

ನಾಲ್ಕು ವರ್ಷದಿಂದ ಈ ಪಾಠ ಹೇಳುವುದು ಅವಳಿಗೆ ಕಷ್ಟವಾಗುತ್ತಿತ್ತು. ಕಾರಣ ಊರಿಗೇ ಗೊತ್ತು. ಅವಳ ಗಂಡ ಶಾರ್ಶೆನ್ ಬಡಗಿ. ಹೊಳೆಗೆ ಮರದ ಸೇತುವೆ ಕಟ್ಟಿದವನು ಅವನೇ. ಎರಡೂ ದಡದ ಕಲ್ಲುಗೋಡೆಯಿಂದ ಓರೆಗಂಬ ಕೊಟ್ಟು, ನಡುವೆ ತೊಲೆ ಎತ್ತಿ ಹಿಡಿದ ಚೆಂದದ ಸೇತುವೆ. ಹಿಮ ಕರಗಿದ ಒಂದು ಬೆಳಿಗ್ಗೆ ಅದು ನೀರಿಗೆ ಹೋಯಿತು. ಮೇಲಿದ್ದವಳು ಬುರುಲ್, ಹಾಲಿನ ಕ್ಯಾನು ಹಿಡಿದು ದಾಟುತ್ತಿದ್ದಳು. ಮೂರನೆಯ ದಿನ ಹೆಣವಾಗಿ ಸಿಕ್ಕಳು. ಕೆಳಗೆ ಎರಡು ಮೈಲಿ ದೂರದಲ್ಲಿ ತುಂಡಾದ ತೊಲೆಯೊಂದು ಸಿಕ್ಕಿತು. ಶಾರ್ಶೆನ್ ಒಳಗೇ ಕೊಳೆತ ಕುಂಬು ಮರ ಹಾಕಿದ್ದ ಎಂದು ಊರು ತೀರ್ಮಾನ ಮಾಡಿತು. ಅವನ ಮುಖದ ಮೇಲೆ ಯಾರೂ ಹೇಳಲಿಲ್ಲ, ಕೆಲಸಕ್ಕೆ ಕರೆಯುವುದನ್ನು ಬಿಟ್ಟರು, ಅಷ್ಟೆ. ಅವನೂ ಒಂದು ಮಾತು ಆಡಲಿಲ್ಲ. ಉಳಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟು ಒಲೆಯ ಪಕ್ಕ ಕುಳಿತವನು, ಈ ಚಳಿಗಾಲ ಅಲ್ಲಿಯೇ ಹಾಸಿಗೆ ಹಿಡಿದ. ಕಾಲು ಊದಿತ್ತು, ಉಸಿರು ಮೇಲಕ್ಕೇ ನಿಲ್ಲುತ್ತಿತ್ತು. ವೈದ್ಯ ತಲೆ ಅಲ್ಲಾಡಿಸಿ ಹೋಗಿದ್ದ.

ಕಲಿಪಾಳಿಗೆ ಉಳಿದ ಆಸೆ ಒಂದೇ. ಸಾಯುವ ಮೊದಲು ಇವನು ಬಾಯಿ ಬಿಟ್ಟು ಹೇಳಬೇಕು, ಆ ಸೇತುವೆಯಲ್ಲಿ ಏನು ಹೋಯಿತು ಎಂದು. ತಪ್ಪು ಇವನದಾದರೆ ಹಾಗೆಂದೇ ಹೇಳಲಿ. ಹೇಳದೆ ಹೋದರೆ ಕುಂಬು ಮರದವನೆಂಬ ಹೆಸರು ಗೋರಿಯ ಮೇಲೂ ಕೂರುತ್ತದೆ.

ಆ ವರ್ಷದ ತರಗತಿಯಲ್ಲಿ ಬುರುಲ್‌ಳ ಮಗಳು ಸೈಕಾಲ್ ಇದ್ದಳು. ಅವಳಿಗೂ ಹನ್ನೆರಡು ತುಂಬಿತ್ತು. ಇವಳನ್ನು ಮುಂದೆ ಕೂರಿಸಿಕೊಂಡು ಸೇತುವೆ ಬೀಳಿಸುವುದು ಹೇಗೆಂದು ಕಲಿಪಾ ಆ ಪಾಠವನ್ನು ಎರಡು ವಾರ ಮುಂದೂಡಿದಳು. ಕೊನೆಗೆ ಹುಡುಗಿಯೇ ಬಂದು, "ಎಜೆ, ನಮ್ಗೆ ಯಾಕೆ ಮಾಡಿಸ್ತಿಲ್ಲ? ನಾನಿದೀನಿ ಅಂತಾನಾ?" ಎಂದು ಕೇಳಿದ ಮೇಲೆ ಬೇರೆ ದಾರಿ ಇರಲಿಲ್ಲ.

ಮೊದಲ ದಿನ ಎಲ್ಲರದ್ದೂ ಬಿದ್ದವು. ಹಾಳೆಯನ್ನು ಚಪ್ಪಟೆಯಾಗಿಯೇ ಇಟ್ಟವರದು ಬರಿ ಬಟ್ಟಲಿಗೇ ಜೋಲಿತು. ಅಂಚು ಮಡಿಸಿ ದೋಣಿಯಂತೆ ಮಾಡಿದವರದು ಹದಿನೈದು ಮೂಳೆ ಹೊತ್ತಿತು. ಮಿರ್ಲಾನ್ ಎಂಬ ಬಾಯಾಳಿ ಹುಡುಗ ಹಾಳೆಯನ್ನು ನೆರಿಗೆ ನೆರಿಗೆಯಾಗಿ ಮಡಿಸಿ ತಂದಿದ್ದ.

"ನನ್ನದರ ಮೇಲೆ ಕುದುರೇನೇ ಹೋಗ್ಬೋದು, ಎಜೆ."

"ಕುದುರೆ ಆಮೇಲೆ ಹತ್ತಿಸೋಣಪ್ಪ, ಮೊದ್ಲು ಕುರಿ ಕಾಲು ತಡ್ಕೊಳ್ಳಲಿ."

ನಲವತ್ತೆರಡಕ್ಕೆ ಅದು ನೆಲಕಚ್ಚಿತು. "ಕುದುರೆ ಹೋಯ್ತು, ಬಾಲ ಉಳೀತು ನೋಡೋ," ಎಂದು ಹಿಂದಿನ ಬೆಂಚಿನವರು ನಕ್ಕರು. ಕಲಿಪಾ ಅವನನ್ನು ಹತ್ತಿರ ಕರೆದು ತೋರಿಸಿದಳು. ನೆರಿಗೆಗಳು ಎಲ್ಲೂ ಹರಿದಿರಲಿಲ್ಲ, ಭಾರಕ್ಕೆ ಬದಿಗೆ ಹರಡಿಕೊಂಡು ಚಪ್ಪಟೆಯಾಗಿದ್ದವು. ಮಾರನೆಯ ದಿನ ಅವನು ರಟ್ಟಿನ ಪಟ್ಟಿಯನ್ನು ನೆರಿಗೆಯ ಅಡಿಗೆ ಅಂಟಿಸಿ ಹರಡದಂತೆ ಕಟ್ಟಿಹಾಕಿದ. ತೊಂಬತ್ತು ದಾಟಿತು.

ಸೈಕಾಲ್ ಬೇರೆಯವರಂತೆ ಮಾಡಲಿಲ್ಲ. ರಟ್ಟನ್ನು ಬಿಲ್ಲಿನಂತೆ ಬಗ್ಗಿಸಿ ಎರಡು ಪುಸ್ತಕದ ಗುಡ್ಡೆಗಳ ನಡುವೆ ಸಿಕ್ಕಿಸಿ, ಅದರ ಬೆನ್ನ ಮೇಲೆ ಹಾಳೆ ಹಾಸಿದಳು. ಅಷ್ಟು ವರ್ಷದಲ್ಲಿ ಯಾವ ಮಗುವೂ ಹಾಗೆ ಕಟ್ಟಿರಲಿಲ್ಲ. ಮೂಳೆಗಳನ್ನು ತಾನೇ ಹಾಕಿದಳು. ಮೂವತ್ತು, ಮೂವತ್ತೊಂದು. ಮೂವತ್ತೆರಡಕ್ಕೆ ಬಿಲ್ಲು ಮೆಲ್ಲಗೆ ಕೂತುಬಿಟ್ಟಿತು, ಬಟ್ಟಲು ಮಗುಚಿ ಮೂಳೆಗಳು ಚೆಲ್ಲಾಪಿಲ್ಲಿಯಾದವು. ತರಗತಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಅವಳ ಮುಖ ನೋಡಿದರು.

ಅವಳು ಬಗ್ಗಿ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದು ಮುರಿದಿಲ್ಲ, ಎಜೆ. ಒಂದು ಗೀರೂ ಬಿದ್ದಿಲ್ಲ. ಪುಸ್ತಕ ಓಡಿಹೋಗಿವೆ."

ಹೌದು. ಮೇಣದ ಬಟ್ಟೆ ಹಾಸಿದ ಮೇಜಿನ ಮೇಲೆ ಎರಡೂ ಗುಡ್ಡೆಗಳು ಎರಡೆರಡು ಬೆರಳು ಹಿಂದಕ್ಕೆ ಜಾರಿದ್ದವು. ಬಿಲ್ಲು ಭಾರವನ್ನು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಎರಡು ಬದಿಗೂ ತಳ್ಳುತ್ತದೆ. ತಡೆಯುವವರಿಲ್ಲದಿದ್ದರೆ ಕಾಲು ಅಗಲಿಸಿ ಕೂರುತ್ತದೆ. ಸೈಕಾಲ್ ಹೊರಗೆ ಹೋಗಿ ಎರಡು ಇಟ್ಟಿಗೆ ತಂದು ಗುಡ್ಡೆಗಳ ಹಿಂದೆ ಒತ್ತಿಟ್ಟಳು. ಬೇರೆ ಏನನ್ನೂ ಮುಟ್ಟಲಿಲ್ಲ. ಅದೇ ರಟ್ಟು, ಅದೇ ಹಾಳೆ. ಬಟ್ಟಲು ತುಂಬಿತು, ನೂರ ಐವತ್ತು ಮೂಳೆ ಮುಗಿದವು, ಸೇತುವೆ ಅಲ್ಲಾಡಲಿಲ್ಲ.

ಮಕ್ಕಳು ಚಪ್ಪಾಳೆ ತಟ್ಟುತ್ತಿರುವಾಗ ಹುಡುಗಿ ಕಲಿಪಾಳ ತೋಳಿನ ಹತ್ತಿರ ಬಂದು ಸಣ್ಣದಾಗಿ ಕೇಳಿದಳು. "ನಮ್ಮಮ್ಮ ಹೋದ್ಲಲ್ಲ, ಅವತ್ತು ಮೊದ್ಲು ಯಾವ್ದು ಹೋಯ್ತು?"

ಕಲಿಪಾ ಮೂಳೆಗಳನ್ನು ಚೀಲಕ್ಕೆ ತುಂಬಿದಳು. ಗಂಟೆ ಹೊಡೆಯುವ ಮೊದಲೇ ಮಕ್ಕಳನ್ನು ಬಿಟ್ಟು ಮನೆಗೆ ಬಂದಳು. ಗಂಡನಿಗೆ ಮುಕ್ಕಾಲು ಬಟ್ಟಲು ಚಹಾ ಹಿಡಿದು, ಬೂಟು ಕೂಡ ಬಿಚ್ಚದೆ ಎದುರಿಗೆ ಕುಳಿತಳು.

"ರೀ, ಮರ ಹೋಗ್ಲಿಲ್ಲ ಅಲ್ವಾ? ದಡ ಹೋಯ್ತು."

ಶಾರ್ಶೆನ್ ಕಣ್ಣು ಮುಚ್ಚಿದ. "ಯಾರು ಹೇಳಿದ್ರು?"

"ರಟ್ಟು ಹೇಳ್ತು. ಬುರುಲ್ ಮಗಳು ಕಟ್ಟಿದ್ದು."

"ಅವಳೇನಾ?" ಎಂದ. ಆಮೇಲೆ ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ ಹೇಳತೊಡಗಿದ. "ಆ ತೊಲೆ ಬಂಡೆಗೆ ಬಡಿದು ತುಂಡಾಗಿದ್ದು. ಮರ ಉಕ್ಕಿನ ಹಾಗಿತ್ತು. ಹೋಗಿದ್ದು ಕಲ್ಲು ಕಣೇ, ಮುದುಕಿ. ದಡದ ಗೋಡೆ ಕಲ್ಲು. ಎಲ್ಲಾರೂ ಸೇರಿ ಕಟ್ಟೋ ಕೆಲ್ಸ ಅಂದ್ರೆ ಮನೆಗೊಂದು ಕಲ್ಲು ತರ್ತಾರೆ, ತಂದಿದ್ದನ್ನ ಬೇಡ ಅನ್ನಂಗಿಲ್ಲ. ನಿಂಗೊತ್ತಲ್ಲ. ಎಲ್ರೂ ಹೊಳೇಲಿಂದ ಚೆಂದ ನೋಡಿ ಆರಿಸ್ಕೊಂಡು ತಂದ್ರು, ನುಣ್ಣಗೆ, ಕುರಿ ತಲೆ ಹಂಗೆ ದುಂಡಗೆ. ಜಪಾರ್ ಅಜ್ಜ ಕತ್ತೆ ಮೇಲೆ ಹೇರ್ಕೊಂಡು ಬಂದು, ನನ್ನಪ್ಪನ ಹೆಸರಲ್ಲಿ ಇಡು ಅಂದ. ಹೆಂಗೆ ವಾಪಸ್ ಕೊಡ್ಲಿ? ಒಡ್ದ ಕಲ್ಲಿಗೆ ಮೂಲೆ ಇರತ್ತೆ, ಒಂದನ್ನೊಂದು ಕಚ್ಕೊಳತ್ತೆ. ಹೊಳೆ ಕಲ್ಲು ಉರುಳತ್ತೆ. ಓರೆಗಂಬ ತಳ್ತಿತ್ತು, ಮೇಲೆ ನೀರು ಬಂತು. ನಂಗೆ ಕಟ್ಟೋವಾಗ್ಲೇ ಗೊತ್ತಿತ್ತು."

"ಇಷ್ಟು ದಿನ ಯಾಕ್ರೀ ನುಂಗ್ಕೊಂಡ್ರಿ?"

"ಬುರುಲ್ ಕೂಡ ತಂದಿದ್ಲು." ಅವನು ಕಣ್ಣು ತೆರೆಯಲಿಲ್ಲ. "ಮಗಳು ಜೊತೇಲಿದ್ಲು, ಎಂಟು ವರ್ಷದವಳು. ನಂದೂ ಒಂದು ಅಂತ ಲಂಗದಲ್ಲಿ ಹೊತ್ಕೊಂಡು ಬಂದು ನನ್ ಕೈಗೇ ಕೊಟ್ಲು. ಇಷ್ಟೇ ಇಷ್ಟು, ಬಿಳೀದು. ಕಲ್ಲಿಂದ ಹೋಯ್ತು ಅಂತ ನಾನು ಅಂದಿದ್ರೆ, ಆ ಮಗು ಏನಂತ ಬೆಳೀಬೇಕಿತ್ತು? ಕುಂಬು ಮರ ಅಂದ್ರೆ ತಪ್ಪು ನನ್ನೊಬ್ಬಂದೇ."

ಕಲಿಪಾ ಕೇಳಬೇಕೆಂದುಕೊಂಡಿದ್ದನ್ನೆಲ್ಲ ಅವನು ಹೇಳಿದ್ದ. ನಾಲ್ಕು ವರ್ಷ ಅದಕ್ಕಾಗಿ ಕಾದಿದ್ದಳು, ಈಗ ಅದು ಕೈಗೆ ಬಂದು ಕೆಂಡದ ಹಾಗೆ ಕೂತಿತು.

"ಹೊಸಾದು ಕಟ್ತಾರಂತೆ," ಎಂದಳು. "ಕಬ್ಬಿಣದ ತೊಲೆ ಸರ್ಕಾರದ್ದು. ದಡ ಊರಿಂದು. ಮತ್ತೆ ಅದೇ ಕಲ್ಲು ತರ್ತಾರೆ."

ಶಾರ್ಶೆನ್ ಕಂಬಳಿಯನ್ನು ಎದೆಗೆ ಎಳೆದುಕೊಂಡ. ಐದನೆಯ ದಿನ, ಕಲಿಪಾ ಹಾಲು ಕರೆದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮಣ್ಣಿಗೆ ಊರೆಲ್ಲ ಬಂತು, ಅದು ಪದ್ಧತಿ. ಒಳ್ಳೆಯ ಮನುಷ್ಯನಾಗಿದ್ದನೇ ಎಂದು ಮುಲ್ಲಾ ಕೇಳುವಾಗ ಒಳ್ಳೆಯವನಾಗಿದ್ದ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು, ಅದೂ ಪದ್ಧತಿ. ಯಾರ ಕಣ್ಣೂ ಕಲಿಪಾಳ ಕಣ್ಣನ್ನು ಸಂಧಿಸಲಿಲ್ಲ.

ಸತ್ತ ನಲವತ್ತನೆಯ ದಿನದ ಊಟ ಮುಗಿದ ಮೂರನೆಯ ದಿನ ಸೇತುವೆಯ ಕೆಲಸ ಶುರುವಾಯಿತು. ಕಲಿಪಾ ಎಲ್ಲರಿಗಿಂತ ಮೊದಲೇ ಹೋಗಿ ಹೊಳೆಯ ದಡದಲ್ಲಿ ನಿಂತಳು. ಮೊದಲು ಬಂದವನು ಜಪಾರ್ ಅಜ್ಜ, ಎಂಬತ್ತು ದಾಟಿದವನು, ಕತ್ತೆಯ ಮೇಲೆ ಕುರಿ ತಲೆಯಂಥ ಕಲ್ಲು.

"ಅಜ್ಜ, ಇದು ಬೇಡ. ವಾಪಸ್ ತಗೊಂಡೋಗಿ."

"ಏನಂದೆ?"

"ಗುಡ್ಡದ ಒಡ್ದ ಕಲ್ಲು ಬೇಕು, ಮೂಲೆ ಇರೋದು. ಹೋದ್ಸಲ ಮರ ಹೋಗ್ಲಿಲ್ಲ. ನಮ್ಮ ಕಲ್ಲು ಹೋಯ್ತು. ಎಲ್ರದ್ದೂ. ನಮ್ಮನೇದೂ ಸೇರಿ."

ಹಿಂದೆ ಬರುತ್ತಿದ್ದವರು ಕಲ್ಲು ಹೊತ್ತುಕೊಂಡೇ ನಿಂತರು. ಮುದುಕ ಕತ್ತೆಯ ಹಗ್ಗ ಬಿಗಿಹಿಡಿದ. "ನಿನ್ ಗಂಡ ನಾಲ್ಕು ವರ್ಷ ಯಾಕೆ ಬಾಯಿ ಹೊಲ್ಕೊಂಡಿದ್ದ ಮತ್ತೆ?"

"ನಿಮ್ಮ ಮುಖ ನೋಡ್ಕೊಂಡು."

ಜಪಾರ್ ಅಜ್ಜ ಕತ್ತೆಯನ್ನು ತಿರುಗಿಸಿದ. ಅವನ ಹಿಂದೆ ಒಬ್ಬೊಬ್ಬರಾಗಿ ಕಲ್ಲುಗಳನ್ನು ನೆಲಕ್ಕೆ ಇಳಿಸಿದರು. ಯಾರೋ ಹೆಂಗಸು ಅತ್ತಳು. ಮಧ್ಯಾಹ್ನದ ಹೊತ್ತಿಗೆ ಮೂರು ಗಾಡಿಗಳು ಗುಡ್ಡದಿಂದ ಒಡೆದ ಕಲ್ಲು ತಂದವು. ಶಾರ್ಶೆನ್‌ನ ಹೆಸರನ್ನು ಯಾರೂ ಎತ್ತಲಿಲ್ಲ. ಹೆಸರು ತೊಳೆದುಕೊಡುವುದೆಂದರೆ ಕೆಸರನ್ನು ತಾವು ಹಚ್ಚಿಕೊಳ್ಳುವುದು, ಅದಕ್ಕೆ ಒಂದು ದಿನ ಸಾಲದು.

ಸೈಕಾಲ್ ಅಜ್ಜಿಯ ಜೊತೆ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜನ ಚಹಾಕ್ಕೆ ಕುಳಿತಾಗ ಕಲಿಪಾಳ ಹತ್ತಿರ ಬಂದು ನಿಂತಳು.

"ಎಜೆ, ನಾನೂ ಒಂದು ಕೊಟ್ಟಿದ್ದೆ. ಶಾರ್ಶೆನ್ ಅಜ್ಜ ಇಸ್ಕೊಂಡು ನಕ್ಕಿದ್ರು." ಎರಡು ಬೆರಳಿನಲ್ಲಿ ಅಳತೆ ತೋರಿಸಿದಳು. "ಅದೂ ದುಂಡಗಿತ್ತಾ?"

ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ನೋಡಿ ಬರೆಯಿರಿ ಎಂದು ಹೇಳಿದವಳು ಕಲಿಪಾ. ನಾಲಗೆಯ ತುದಿಗೆ ಬಂದ ಸುಳ್ಳು ಸಿಹಿಯಾಗಿತ್ತು.

"ದುಂಡಗಿತ್ತು, ಕಂದಾ," ಎಂದಳು. "ಪುಟ್ಟದು. ನಮ್ಮನೇದು ಅದರ ಹತ್ತರಷ್ಟಿತ್ತು."

ಹುಡುಗಿ ನೀರಿನ ಕಡೆ ನೋಡಿದಳು. ಆಮೇಲೆ ಹೋಗಿ, ಗಾಡಿಯಿಂದ ಕಲ್ಲು ಇಳಿಸಿ ಕೈಯಿಂದ ಕೈಗೆ ದಾಟಿಸುತ್ತಿದ್ದ ಹೆಂಗಸರ ಸಾಲಿನಲ್ಲಿ ಸೇರಿಕೊಂಡಳು. ಬಂದ ಪ್ರತಿ ಕಲ್ಲನ್ನೂ ತಿರುಗಿಸಿ, ಅದರ ಮೂಲೆಯನ್ನು ಹೆಬ್ಬೆರಳಿನಿಂದ ತಡವಿ ನೋಡಿ ಮುಂದಕ್ಕೆ ಕೊಡುತ್ತಿದ್ದಳು. ಸಾಲು ನಿಧಾನವಾಯಿತು. ಬೇಗ ಬೇಗ ಕೊಡು ಎಂದು ಯಾರೂ ಅವಳಿಗೆ ಹೇಳಲಿಲ್ಲ.